ಎಪ್ಪತ್ತಾರು ಪರ್ಸೆಂಟ್

ಪುಣೆಗೆ ಬಂದು ಹದಿಮೂರು ವರ್ಷವಾಯಿತು. ಹಗಲು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ ಟ್ರಾಫಿಕ್. ಇದರ ನಡುವೆ ನಾನೊಂದು ಪಂಪು ಕಂಪನಿಗೆ ಬ್ರಾಂಡ್ ಕಟ್ಟಲು ಹೊರಟು, ಮೊದಲ ಆರು ತಿಂಗಳು ತಪ್ಪು ಕೆಲಸವನ್ನೇ ಶ್ರದ್ಧೆಯಿಂದ ಮಾಡಿದ ಕಥೆ ಇದು.

ಗೆಳೆಯನ ಮಾವನಿಗೆ ಭೋಸರಿ ಎಂಐಡಿಸಿಯಲ್ಲಿ ಸಣ್ಣ ಕಾರ್ಖಾನೆ ಇದೆ. ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಗುತ್ತದೆ. ಮನೆಯ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪಂಪಲ್ಲ. ಸಕ್ಕರೆ ಕಾರ್ಖಾನೆ, ಕೆಮಿಕಲ್ ಪ್ಲಾಂಟ್, ನೀರು ಸರಬರಾಜು ಯೋಜನೆಗಳಿಗೆ ಹೋಗುವ ದೊಡ್ಡ ಪಂಪುಗಳು. ಸಾಹೇಬರು (ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುವುದು) ಒಂದು ದಿನ ಚಹಾ ಕೊಡಿಸಿ, "ನೀವು ಐಟಿಯವರು. ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಬ್ರಾಂಡ್ ಮಾಡಿಕೊಡಿ" ಎಂದರು. ವೆಬ್‌ಸೈಟ್ ಮಾಡಿಕೊಡಿ ಎಂದಷ್ಟೇ ಸುಲಭವಾಗಿ ಹೇಳಿದರು, ನಾನೂ ಅಷ್ಟೇ ಸುಲಭವಾಗಿ ಒಪ್ಪಿಕೊಂಡೆ.

ಹೊಸ ಲೋಗೋ ಮಾಡಿಸಿದೆ: ನೀಲಿ ಅಲೆ, ಅದರ ಮೇಲೊಂದು ಹನಿ. ಕಾರ್ಖಾನೆಯ ಮೇಲೆ ಡ್ರೋನ್ ಹಾರಿಸಿ ವಿಡಿಯೋ ಮಾಡಿಸಿದೆ. ಮುಖಪುಟದಲ್ಲಿ ಜಲಪಾತ ಹಾಕಿ, "76 ಪರ್ಸೆಂಟ್ ದಕ್ಷತೆ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ. ಆ ಅಂಕಿ ಸಾಹೇಬರ ಹಳೆಯ ಕೆಟಲಾಗಿನಿಂದ ಬಂದದ್ದು. ಸೈಟಿಗೆ ಬರುವವರ ಸಂಖ್ಯೆ ಏರಿತು, ನಾನು ಗ್ರಾಫ್ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡೆ. ಆದರೆ ಆರು ತಿಂಗಳಲ್ಲಿ ಸೈಟಿನಿಂದ ಒಂದು ಗಟ್ಟಿ ವಿಚಾರಣೆಯೂ ಬರಲಿಲ್ಲ. ಬಂದ ಮೇಲ್‌ಗಳಲ್ಲಿ ಅರ್ಧ ಕೆಲಸ ಕೇಳಿ, ಉಳಿದರ್ಧ ನಮಗೇ ಲೋಗೋ ಮಾಡಿಕೊಡುತ್ತೇವೆ ಅನ್ನುವವರದು.

ಅದೇ ಸಮಯದಲ್ಲಿ ಒಂದು ದೊಡ್ಡ ಆರ್ಡರ್ ಕೈತಪ್ಪಿತು. ಒಂದು ಪ್ಲಾಂಟಿನ ಕೂಲಿಂಗ್ ವಾಟರ್ ಪಂಪು, ಒಟ್ಟು ಆರು ನಗ. ನಮ್ಮ ಬೆಲೆ ಪಂಪಿಗೆ ನಲವತ್ತು ಸಾವಿರ ಜಾಸ್ತಿ ಇತ್ತು ನಿಜ. ಆದರೆ ನಮ್ಮದು 76 ಪರ್ಸೆಂಟ್, ಗೆದ್ದವರದು 72. ಕರೆಂಟ್ ಉಳಿತಾಯದ ಲೆಕ್ಕದಲ್ಲಿ ನಾವೇ ಗೆಲ್ಲಬೇಕಿತ್ತಲ್ಲ ಎಂದು ಸಾಹೇಬರು ಒಂದು ವಾರ ಕೊರಗಿದರು. "ಒಳಗೆ ಏನೋ ನಡೆದಿದೆ" ಅನ್ನುವುದು ಅವರ ತೀರ್ಮಾನ.

ಉತ್ತರ ಸಿಕ್ಕಿದ್ದು ಯುಗಾದಿ ಊಟದ ಪಂಕ್ತಿಯಲ್ಲಿ. ನಮ್ಮ ಕನ್ನಡದವರ ಕೂಟಕ್ಕೆ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಬರುತ್ತಾರೆ. ಮೂವತ್ತು ವರ್ಷ ಇಂಜಿನಿಯರಿಂಗ್ ಸಲಹಾ ಸಂಸ್ಥೆಯಲ್ಲಿದ್ದು, ಪಂಪು, ವಾಲ್ವು, ಪೈಪುಗಳ ಸ್ಪೆಸಿಫಿಕೇಶನ್ ಬರೆದು ನಿವೃತ್ತರಾದವರು. ನಮಗೆಲ್ಲ ಅವರು ಕಾಕಾ. ಹೆಮ್ಮೆಯಿಂದ ಮೊಬೈಲಿನಲ್ಲಿ ಸೈಟ್ ತೋರಿಸಿದೆ. ಹೋಳಿಗೆ ಮುರಿಯುತ್ತಲೇ ನೋಡಿದರು.

"ಭಾಳ ಛಂದ ಮಾಡೀಯೋ ತಮ್ಮಾ. ನೀರು ಹೆಂಗಿರ್ತದ ಅಂತ ನನಗ ಗೊತ್ತೈತಿ. ಪಂಪಿಂದು ಕರ್ವ್ ಎಲ್ಲೈತಿ?"

ಕರ್ವ್ ಬೇಕಾದವರು ಫಾರ್ಮ್ ತುಂಬಿದರೆ ಸೇಲ್ಸ್‌ನವರು ಫೋನ್ ಮಾಡಿ ಕಳಿಸುತ್ತಾರೆ ಎಂದೆ. ಕಾಕಾ ನಕ್ಕರು. "ರಾತ್ರಿ ಹನ್ನೊಂದಕ್ಕ ಡೇಟಾಶೀಟ್ ತುಂಬೋ ಹುಡುಗ ನಿನ್ನ ಸೇಲ್ಸ್‌ನವನ ಫೋನಿಗೆ ಕಾಯ್ತಾನೇನು? ಬ್ಯಾರೆಯವರ ಕರ್ವ್ ಹಾಕಿ ಮನೀಗೆ ಹೋಗ್ತಾನ." ಆಮೇಲೆ ಬೆರಳಿಟ್ಟು ಕೇಳಿದರು: "ಇದು 76 ಅಂತ ಬರ್ದೀಯಲ್ಲ, ಯಾವ ಗ್ರೇಡಿನ್ಯಾಗ?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಂದಿನ ಭಾನುವಾರ ಅವರ ಮನೆಗೆ ಹೋಗಿ ಕೂತೆ. ಕಾಗದ, ಪೆನ್ಸಿಲ್ ತಂದರು. ಸೋತ ಆರ್ಡರಿನ ಲೆಕ್ಕವನ್ನೇ ಮಾಡಿದೆವು.

ಬೇಕಿದ್ದದ್ದು ಗಂಟೆಗೆ 100 ಘನ ಮೀಟರ್ ನೀರು, 40 ಮೀಟರ್ ಹೆಡ್. ಗಂಟೆಗೆ 100 ಘನ ಮೀಟರ್ ಎಂದರೆ ಸೆಕೆಂಡಿಗೆ ಸುಮಾರು 27.8 ಲೀಟರ್. ಅಷ್ಟು ನೀರನ್ನು 40 ಮೀಟರ್ ಎತ್ತಲು, ಏನೂ ನಷ್ಟವೇ ಇಲ್ಲದಿದ್ದರೆ, 10.9 ಕಿಲೋವ್ಯಾಟ್ ಸಾಕು. ಪಂಪಿನ ದಕ್ಷತೆ 72 ಪರ್ಸೆಂಟ್ ಆದರೆ ಶಾಫ್ಟಿಗೆ 15.1 ಕಿಲೋವ್ಯಾಟ್ ಕೊಡಬೇಕು; 76 ಆದರೆ 14.3 ಸಾಕು. ವ್ಯತ್ಯಾಸ 0.8. ಮೋಟರಿನ ನಷ್ಟವನ್ನೂ ಸೇರಿಸಿ, ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು 5,200 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 41,000 ರೂಪಾಯಿಯ ಮೇಲೆ. ಅಂದರೆ ನಲವತ್ತು ಸಾವಿರ ಜಾಸ್ತಿ ಕೊಟ್ಟದ್ದು ಒಂದೇ ವರ್ಷದಲ್ಲಿ ವಾಪಸ್. ಸಾಹೇಬರ ಕೊರಗು ಸರಿಯಾಗಿಯೇ ಇತ್ತು ಅನ್ನಿಸಿತು.

"ಈಗ ಕಮಿಟಿ ಏನ್ ಮಾಡ್ತದ ನೋಡು" ಎಂದರು ಕಾಕಾ.

ಪಂಪನ್ನು ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿ ಒಪ್ಪಿಕೊಳ್ಳಲು ಐಎಸ್‌ಒ 9906 ಎಂಬ ಮಾನದಂಡವಿದೆ. ಅದರಲ್ಲಿ ಗ್ರೇಡ್‌ಗಳಿವೆ. ಅಳತೆಯಲ್ಲಿ, ತಯಾರಿಕೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುವುದು ಸಹಜ. ಎಷ್ಟರವರೆಗೆ ಸಹಿಸಬಹುದು ಅನ್ನುವುದನ್ನು ಗ್ರೇಡ್ ಹೇಳುತ್ತದೆ. ಗ್ರೇಡ್ 1ಬಿ ಅಡಿಯಲ್ಲಿ ದಕ್ಷತೆ ಹೇಳಿದ್ದಕ್ಕಿಂತ ಶೇಕಡಾ 3ರಷ್ಟು ಕಡಿಮೆ ಬಂದರೂ ಪಂಪು ಪಾಸು. 2ಬಿ ಅಡಿಯಲ್ಲಿ ಶೇಕಡಾ 5ರಷ್ಟು ಕಡಿಮೆ ಬಂದರೂ ಪಾಸು. ನಮ್ಮ ಕೊಟೇಶನ್ನಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 2ಬಿ ಎಂದಿತ್ತು. 76ರ ಶೇಕಡಾ 5 ಅಂದರೆ 3.8. ಕಳೆದರೆ 72.2.

ಗೆದ್ದವರು ಬರೆದದ್ದು: 72, ಖಾತರಿ, ಕಡಿಮೆಯಾಗುವಂತಿಲ್ಲ.

ಅಂದರೆ ಕಮಿಟಿಯ ಕಣ್ಣಿಗೆ ಎರಡೂ ಪಂಪು ಒಂದೇ. ನಾವು ಕಾನೂನುಬದ್ಧವಾಗಿ 72.2ರ ಪಂಪು ಕಳಿಸಬಹುದಿತ್ತು, ಅವರು ಒಪ್ಪಲೇಬೇಕಿತ್ತು. ನಲವತ್ತು ಸಾವಿರದ ನಮ್ಮ ಮೇಲುಗೈ ಸಣ್ಣ ಅಕ್ಷರದೊಳಗೇ ಕರಗಿ ಹೋಗಿತ್ತು. ಒಳಗೆ ಏನೂ ನಡೆದಿರಲಿಲ್ಲ; ಒಬ್ಬ ಇಂಜಿನಿಯರ್ ಕೊನೆಯ ಪುಟದವರೆಗೆ ಓದಿದ್ದ, ಅಷ್ಟೆ.

ಅವತ್ತು ಕಾಕಾ ಕಮಿಟಿ ಹೇಗೆ ಯೋಚಿಸುತ್ತದೆ ಅನ್ನುವುದನ್ನೂ ಬಿಡಿಸಿ ಹೇಳಿದರು. ಪಂಪು ಓಡಿಸುವವರು ಬೇಡಿಕೆ ಇಡುತ್ತಾರೆ. ಸಲಹೆಗಾರರು ಸ್ಪೆಸಿಫಿಕೇಶನ್ ಬರೆಯುತ್ತಾರೆ, ಜೊತೆಗೆ ಒಪ್ಪಿತ ತಯಾರಕರ ಪಟ್ಟಿಯನ್ನೂ ಹಾಕುತ್ತಾರೆ. ತಾಂತ್ರಿಕ ಲಕೋಟೆ ಮೊದಲು, ಬೆಲೆಯ ಲಕೋಟೆ ಆಮೇಲೆ. ತಾಂತ್ರಿಕದಲ್ಲಿ ಪಾಸಾದವರಲ್ಲಿ ಕಡಿಮೆ ಬೆಲೆಯವನಿಗೆ ಆರ್ಡರ್. ಕಮಿಟಿಯಲ್ಲಿ ಕೂತ ಮೆಂಟೆನೆನ್ಸ್‌ನವರಿಗೆ, ಪರ್ಚೇಸ್‌ನವರಿಗೆ, ಅಕೌಂಟ್ಸ್‌ನವರಿಗೆ ಬೇರೆ ಬೇರೆ ಚಿಂತೆ ಇರುತ್ತದೆ, ಆದರೆ ಒಂದು ಭಯ ಎಲ್ಲರದೂ: ನಾಳೆ ಪಂಪು ಕೈಕೊಟ್ಟರೆ ಫೈಲಿನಲ್ಲಿ ಯಾರ ಸಹಿ ಇದೆ? ಆಗ ಅವರು ತೆಗೆದು ತೋರಿಸಲು ಒಂದು ಕಾಗದ ಬೇಕು. ಆ ಕಾಗದ ಯಾರು ಕೊಡುತ್ತಾರೋ ಅವರದೇ ಬ್ರಾಂಡ್. ನೀಲಿ ಅಲೆಯನ್ನು ಯಾರೂ ಫೈಲಿಗೆ ಹಾಕುವುದಿಲ್ಲ.

ಇದನ್ನು ಸಾಹೇಬರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. "ಇದೇ ಊರಲ್ಲಿ ಕಿರ್ಲೋಸ್ಕರ್ ಇದ್ದಾರೆ. ಅವರ ಹೆಸರು ನೋಡಿದರೆ ಸಾಕು, ಯಾರೂ ಕೊನೆಯ ಪುಟ ಓದುವುದಿಲ್ಲ" ಎಂದರು.

ಆ ಹೆಸರು ಎಲ್ಲಿಂದ ಬಂತು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಕಥೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆ ಎಂದು ರೈತರು ಕೊಳ್ಳಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಹೇಳುತ್ತಾರೆ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಕುಂಡಲದ ಹತ್ತಿರದ ಬಯಲಿನಲ್ಲಿ ಎದ್ದದ್ದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. 1920ರಲ್ಲಿ ಅವರ ಬಂಧು ಶಂಕರರಾವ್ ಕಿರ್ಲೋಸ್ಕರ್ 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ಶುರು ಮಾಡಿದರು. ಕಾರ್ಖಾನೆಯ ಸುದ್ದಿ ತಿಳಿಸಲು ಹುಟ್ಟಿದ್ದು, ಬೆಳೆದು ಮರಾಠಿಯ ದೊಡ್ಡ ಮಾಸಪತ್ರಿಕೆಗಳಲ್ಲೊಂದಾಯಿತು. ಸೆಂಟ್ರಿಫ್ಯೂಗಲ್ ಪಂಪು ಬಂದದ್ದು 1926ರಲ್ಲಿ.

ಕಾಲಕ್ರಮ ಗಮನಿಸಿ. ಪಂಪು ಬರುವ ಹೊತ್ತಿಗೆ ರೈತನ ಹೊಲದಲ್ಲಿ ಆ ಹೆಸರಿನ ನೇಗಿಲು ಎರಡು ದಶಕದಿಂದ ಉಳುತ್ತಿತ್ತು, ಮನೆಯಲ್ಲಿ ಆ ಹೆಸರಿನ ಪತ್ರಿಕೆ ಇತ್ತು. ಸಾಹೇಬರು ನೋಡುತ್ತಿದ್ದದ್ದು ಹೆಸರನ್ನು. ಆ ಹೆಸರಿನ ಹಿಂದೆ ಕೊಂಡವನು ತಾನೇ ಉತ್ತು ನೋಡಿದ ವರ್ಷಗಳಿದ್ದವು. ನಮ್ಮ ಹತ್ತಿರ ಅಂಥದ್ದೇನಿದೆ ಎಂದು ಕೇಳಿದೆ. ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟೆಸ್ಟ್ ಬೆಡ್ಡಿನ ಪಕ್ಕದ ಕಬ್ಬಿಣದ ಕಪಾಟು ತೋರಿಸಿದರು.

ಅದರೊಳಗೆ ಒಂಬತ್ತು ವರ್ಷದ ಪರೀಕ್ಷಾ ಹಾಳೆಗಳಿದ್ದವು. ಹೊರಗೆ ಹೋದ ಪ್ರತಿ ಪಂಪಿಗೂ ಒಂದು ಹಾಳೆ: ಸೀರಿಯಲ್ ನಂಬರ್, ಇಂಪೆಲ್ಲರಿನ ವ್ಯಾಸ, ಐದಾರು ಬಿಂದುಗಳಲ್ಲಿ ಹರಿವು, ಹೆಡ್, ಎಳೆದ ಕರೆಂಟು. ಎಣ್ಣೆಯ ಕಲೆ, ಪೆನ್ಸಿಲ್ ಬರಹ. ನಾನು ಮತ್ತು ಅಲ್ಲಿನ ಡಿಪ್ಲೊಮಾ ಹುಡುಗ ನಾಲ್ಕು ಶನಿವಾರ ಕೂತು ಆ ಒಂದು ಮಾಡೆಲ್ಲಿನ ಹಾಳೆಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿದೆವು. ಅರವತ್ತಕ್ಕೂ ಹೆಚ್ಚು ಪಂಪು. 76 ಮುಟ್ಟಿದ್ದು ಎರಡೇ ಎರಡು. ಹೆಚ್ಚಿನವು 73ರಿಂದ 75ರ ನಡುವೆ. ಕೆಲವು 72ರ ಆಸುಪಾಸು.

ಕಾರಣ ಹುಡುಗನೇ ಹೇಳಿದ. ಕೆಟಲಾಗಿನ 76 ಇಂಪೆಲ್ಲರ್ ಪೂರ್ತಿ ವ್ಯಾಸದಲ್ಲಿದ್ದಾಗಿನದು. ಗಿರಾಕಿಗೆ ಅಷ್ಟು ಹೆಡ್ ಬೇಡವಾದರೆ ಇಂಪೆಲ್ಲರನ್ನು ಲೇಥಿಗೆ ಹಾಕಿ ತರಿದು ಸಣ್ಣದು ಮಾಡುತ್ತೇವೆ. ಹೊರಗಿನ ಕೇಸಿಂಗ್ ಮಾತ್ರ ಹಾಗೇ ಇರುತ್ತದೆ. ನಡುವಿನ ಸಂದು ಹೆಚ್ಚಾಗಿ ನೀರು ಸುಮ್ಮನೆ ಸುತ್ತುತ್ತದೆ, ದಕ್ಷತೆ ಬೀಳುತ್ತದೆ. 72ರ ಹತ್ತಿರದವುಗಳಲ್ಲಿ ಇನ್ನೊಂದು ವಿಷಯ ಸಿಕ್ಕಿತು: ಅವು ಬಹುಪಾಲು ಒಂದೇ ಕಾಲದಲ್ಲಿ ಬಂದ ಎರಕದವು. ಇಂಪೆಲ್ಲರಿನ ಒಳದಾರಿ ಒರಟಾಗಿತ್ತು, ವೇರ್ ರಿಂಗಿನ ಸಂದು ಅಗಲವಾಗಿತ್ತು.

ನನಗೆ ಹೊಟ್ಟೆಯೊಳಗೆ ತಣ್ಣಗಾದದ್ದು ಆಗ. ಜಲಪಾತದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದು ಸುಳ್ಳು ಅನ್ನಲಾಗದು, ಎರಡು ಪಂಪು ನಿಜವಾಗಿ 76 ಕೊಟ್ಟಿದ್ದವು. ಆದರೆ ಮುಂದಿನ ಗಿರಾಕಿಗೆ ಹೋಗುವ ಪಂಪು ಅದಾಗಿರುವ ಸಂಭವ ತೀರ ಕಡಿಮೆ.

ಸಾಹೇಬರ ಕೋಣೆಯಲ್ಲಿ ಅವತ್ತು ಜೋರು ಮಾತಾಯಿತು. ಸೇಲ್ಸ್‌ನವರು, "ಎಲ್ಲರೂ ಒಳ್ಳೆಯ ಬಿಂದುವನ್ನೇ ಹಾಕುತ್ತಾರೆ, ನಾವು ಕಡಿಮೆ ಬರೆದರೆ ಮೊದಲ ಸುತ್ತಿನಲ್ಲೇ ಹೊರಗೆ" ಎಂದರು. ಅದು ಸುಳ್ಳು ಮಾತಲ್ಲ. ಹೋಲಿಕೆಯ ಪಟ್ಟಿಯಲ್ಲಿ 77ರ ಪಕ್ಕದಲ್ಲಿ 73 ಕೂತರೆ ಬಡವಾಗಿಯೇ ಕಾಣುತ್ತದೆ. ನಾನು ಕಾಕಾ ಜೊತೆ ಮಾಡಿದ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ. 73 ಎಂದು ಖಾತರಿ ಕೊಟ್ಟು, ಕಡಿಮೆಯಾಗುವಂತಿಲ್ಲ ಎಂದರೆ, ಆ 72ರ ಪಂಪಿನ ಎದುರು ವರ್ಷಕ್ಕೆ ಉಳಿಯುವುದು ಸುಮಾರು 10,800 ರೂಪಾಯಿ. ನಲವತ್ತು ಸಾವಿರ ವಾಪಸ್ ಬರಲು ಒಂದು ವರ್ಷವಲ್ಲ, ನಾಲ್ಕು ವರ್ಷದ ಹತ್ತಿರ. ಆದರೆ ಈ ಹತ್ತು ಸಾವಿರವನ್ನು ಯಾವ ಇಂಜಿನಿಯರೂ ಅಳಿಸಲಾರ. ಮೊದಲಿನ ನಲವತ್ತೊಂದು ಸಾವಿರವನ್ನು ಒಂದೇ ಗೆರೆಯಲ್ಲಿ ಅಳಿಸಿದ್ದರು.

ಸಾಹೇಬರು ಬೋರ್ಡನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ನನಗಲ್ಲ, ಟೆಸ್ಟ್ ಬೆಡ್ಡಿನ ಹುಡುಗನಿಗೆ. "73 ಪ್ರತಿ ಸಲ ಬರುತ್ತದಾ?"

ಅವನು, "ಇಂಪೆಲ್ಲರಿನ ಒಳಗೆ ಗ್ರೈಂಡರ್ ಆಡಿಸಿ ನುಣುಪು ಮಾಡಬೇಕು. ವೇರ್ ರಿಂಗ್ ಸಂದು ಅಳೆಯದೆ ಜೋಡಿಸಬಾರದು. ತೀರ ತರಿದ ಇಂಪೆಲ್ಲರಿಗೆ ಮಾತ್ರ ಬರುವುದಿಲ್ಲ, ಅಂಥ ಕಡೆ ಚಿಕ್ಕ ಮಾಡೆಲ್ಲನ್ನೇ ಕೊಡಬೇಕು" ಎಂದ.

ಸೈಟಿನಿಂದ 76 ತೆಗೆದದ್ದು ಆ ರಾತ್ರಿ. ಕಂಪನಿಯ ಬ್ರಾಂಡ್ ಶುರುವಾದದ್ದು ಅಲ್ಲಿಂದ ಎಂದುಕೊಂಡಿದ್ದೇನೆ: ಕಾರ್ಖಾನೆ ಮಾಡಬಲ್ಲೆ ಎಂದದ್ದನ್ನೇ ಕಾಗದ ಹೇಳಿತು, ಕಾಗದ ಹೇಳಿದ್ದಕ್ಕಾಗಿ ಕಾರ್ಖಾನೆ ತನ್ನ ಕೆಲಸ ಬದಲಿಸಿತು.

ಆಮೇಲಿನ ನನ್ನ ಕೆಲಸ ಸಾದಾ. ಜಲಪಾತ ಹೋಯಿತು. ಪ್ರತಿ ಮಾಡೆಲ್ಲಿಗೂ ಒಂದು ಪುಟ. ಫಾರ್ಮ್ ತುಂಬದೆ ಸಿಗುವ ಕರ್ವ್. ಪೂರ್ತಿ ವ್ಯಾಸದ್ದಷ್ಟೇ ಅಲ್ಲ, ತರಿದ ವ್ಯಾಸಗಳದ್ದೂ. ಕೆಳಗೆ ಗ್ರೇಡ್, ಖಾತರಿಯ ಅಂಕಿ. ಕಾಕಾ ಹೇಳಿದ್ದಕ್ಕೆ ಇನ್ನೊಂದು ಭಾಗ ಸೇರಿಸಿದೆವು: ಈ ಪಂಪನ್ನು ಎಲ್ಲಿ ಹಾಕಬಾರದು. ಪಂಪಿನ ಬಾಯಿಗೆ ಬರುವ ನೀರಿನ ಒತ್ತಡ ಸಾಲದಿದ್ದರೆ ನೀರು ಒಳಗೇ ಗುಳ್ಳೆಯೆದ್ದು ಒಡೆಯುತ್ತದೆ, ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬರುತ್ತದೆ, ಕೆಲವು ತಿಂಗಳಲ್ಲಿ ಇಂಪೆಲ್ಲರ್ ಗೆದ್ದಲು ತಿಂದಂತಾಗುತ್ತದೆ. ಅದಕ್ಕೆ ಕಡೇಪಕ್ಷ ಎಷ್ಟು ಒತ್ತಡ ಬೇಕು, ಅದರ ಮೇಲೆ ಎಷ್ಟು ಅಂತರ ಇಟ್ಟುಕೊಳ್ಳಿ ಎಂದು ಬರೆದೆವು. ಸೇಲ್ಸ್‌ನವರು ಹಣೆ ಚಚ್ಚಿಕೊಂಡರು. ಆದರೆ ಆಮೇಲೆ ಇಂಜಿನಿಯರುಗಳ ಫೋನು ಹೆಚ್ಚು ಬಂದದ್ದು ಆ ಭಾಗ ಓದಿಯೇ.

ಇನ್ನೊಂದು, ಪಂಪಿನ ನೇಮ್‌ಪ್ಲೇಟಿನ ಮೇಲೆ ಕ್ಯೂಆರ್ ಚೌಕ. ಸ್ಕ್ಯಾನ್ ಮಾಡಿದರೆ ಆ ಸೀರಿಯಲ್ ನಂಬರಿನ ಪರೀಕ್ಷಾ ಹಾಳೆ, ಇಂಪೆಲ್ಲರಿನ ವ್ಯಾಸ, ಬೇರಿಂಗ್ ನಂಬರ್, ಸೀಲಿನ ಅಳತೆ ಬರುತ್ತದೆ. ಐಟಿಯವನಾದ ನನಗೆ ಇದು ಎರಡು ದಿನದ ಕೆಲಸ ಅನ್ನಿಸಿತ್ತು. ಮೊದಲ ಮೂವತ್ತು ಸ್ಟಿಕ್ಕರುಗಳು ಎಣ್ಣೆಗೆ ಕಿತ್ತು ಬಂದವು. ಲೋಹದ ಪಟ್ಟಿ ಹಾಕಿದರೆ ಪ್ಲಾಂಟಿನ ಪೇಂಟರು ಪಂಪಿನ ಜೊತೆ ಅದಕ್ಕೂ ಬಣ್ಣ ಬಳಿದ. ಈಗ ಸ್ಟೀಲಿನ ಮೇಲೆ ಕೊರೆದ ಚೌಕ, ಜೊತೆಗೆ ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲ ಒಳಗೆ ಇನ್ನೊಂದು ಪ್ರತಿ. ಒಂದು ಮಿತಿ ಹಾಗೇ ಉಳಿದಿದೆ: ಸೈಟಿನಲ್ಲಿ ಯಾರಾದರೂ ಇಂಪೆಲ್ಲರ್ ತರಿದು ನಮಗೆ ಹೇಳದಿದ್ದರೆ ನಮ್ಮ ಹಾಳೆ ಹಳೆಯದಾಗುತ್ತದೆ. ಅದಕ್ಕೇ ಪುಟದ ಮೇಲ್ಭಾಗದಲ್ಲಿ "ಕಾರ್ಖಾನೆ ಬಿಟ್ಟಾಗ" ಎಂದು ತಾರೀಖು ಹಾಕಿದ್ದೇವೆ.

ದೊಡ್ಡ ಗೆಲುವಿನ ಕಥೆ ಹೇಳಲು ನನ್ನ ಹತ್ತಿರ ಇಲ್ಲ. 73 ಬರೆದ ಮೇಲೆ ಎರಡು ಟೆಂಡರುಗಳಲ್ಲಿ, ಸೇಲ್ಸ್‌ನವರು ಹೆದರಿದ ಹಾಗೇ, ಮೊದಲ ಸುತ್ತಿನಲ್ಲಿ ಬಿದ್ದೆವು. ಸುಮಾರು ಒಂದೂವರೆ ವರ್ಷವಾದ ಮೇಲೆ ಒಂದು ಸಲಹಾ ಸಂಸ್ಥೆಯ ಸ್ಪೆಸಿಫಿಕೇಶನ್ ಕೈಗೆ ಬಂತು. ಒಪ್ಪಿತ ತಯಾರಕರ ಪಟ್ಟಿಯಲ್ಲಿ ನಮ್ಮ ಹೆಸರು ಕೊನೆಯ ಸಾಲಿನಲ್ಲಿತ್ತು. ಸಾಹೇಬರು ಆ ಪುಟದ ಪ್ರಿಂಟ್ ತೆಗೆಸಿ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ನನಗೆ ನೆನಪಿರುವುದು ಇನ್ನೊಂದು. ಒಂದು ರಾತ್ರಿ ಜಾಲನಾ ಕಡೆಯ ಕಾರ್ಖಾನೆಯಿಂದ ಫಿಟ್ಟರೊಬ್ಬ ಫೋನ್ ಮಾಡಿದ. ಸೀಲ್ ಸೋರುತ್ತಿತ್ತಂತೆ. ಚೌಕ ಸ್ಕ್ಯಾನ್ ಮಾಡಿ ಅಳತೆ ನೋಡಿ ಊರಿನ ಅಂಗಡಿಯಲ್ಲೇ ಸೀಲ್ ತಂದು ಹಾಕಿದ್ದ. ಪಂಪು ಓಡುತ್ತಿದೆ, ಆದರೆ ಬೇರಿಂಗಿನ ಗ್ರೀಸ್ ಯಾವುದು ಅನ್ನುವುದು ಪುಟದಲ್ಲಿಲ್ಲ, ಅದನ್ನೂ ಹಾಕಿ ಎಂದ. ಕಂಪನಿಯ ಹೆಸರು ಅವನ ಬಾಯಿಗೆ ಸರಿಯಾಗಿ ಬರಲಿಲ್ಲ. ನೀಲಿ ಅಲೆಯೂ ಅವನಿಗೆ ಗೊತ್ತಿರಲಿಲ್ಲ. "ಅದೇ, ಕಾಗದ ಸಿಗೋ ಪಂಪು" ಎಂದ.

ಗ್ರೀಸಿನ ಹೆಸರು ಮರುದಿನವೇ ಸೇರಿಸಿದೆ.